ಆರರಲ್ಲಿ ಕುಜ ಅಂತ ಜ್ಯೋತಿಷಿಗಳು, ಏಳರಲ್ಲಿ ಅಂತ ಆ್ಯಪ್. ಯಾವುದು ಸರಿ?

ಸುಮಾ_ಹಾಸನ
ನಮಸ್ಕಾರ. ತಂಗಿ ಜಾತಕದಲ್ಲಿ ಕುಜ ಆರನೇ ಮನೆಯಲ್ಲಿದ್ದಾನೆ ಅಂತ ನೋಡಿದ ಜ್ಯೋತಿಷಿಗಳು "ರಕ್ತದ ಕಾಯಿಲೆ, ಆಪರೇಷನ್ ತಪ್ಪಲ್ಲ" ಅಂದುಬಿಟ್ರು. ಅಮ್ಮ ಆವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ಫೋನಲ್ಲಿ ಹಾಕಿ ನೋಡಿದ್ರೆ ಕುಜ ಏಳರಲ್ಲಿ ಬರ್ತಿದೆ. ಸಾಕಾಗಿಹೋಗಿದೆ, ಯಾರಾದ್ರೂ ಬಿಡಿಸಿ ಹೇಳಿ.

ರಾಜಶೇಖರ_ದಾವಣಗೆರೆ
ಹೆದರಬೇಡಿ ಮೇಡಂ. ಆರು ಉಪಚಯ ಸ್ಥಾನ, ಪಾಪಗ್ರಹ ಅಲ್ಲಿದ್ರೆ ಒಳ್ಳೇದೇ. ಆರರ ಕುಜ ಶತ್ರುವನ್ನೂ ರೋಗವನ್ನೂ ತುಳೀತಾನೆ. ಕಾಯಿಲೆಯೇ ಬರಲ್ಲ.

ಕಿರಣ_ಮೈಸೂರು
ಬರಲ್ಲ ಅನ್ನೋದು ಹೇಗೆ ಸಾರ್? ನನಗೂ ಆರರಲ್ಲೇ ಕುಜ, ಕುಜ ಭುಕ್ತಿಯಲ್ಲೇ ಅಪೆಂಡಿಕ್ಸ್ ಆಪರೇಷನ್ ಆಯ್ತು. ನಾನು ಜಗನ್ನಾಥ ಹೋರಾ ಸಾಫ್ಟ್‌ವೇರ್‌ನಲ್ಲೇ ನೋಡೋದು. ಫೋನ್ ಆ್ಯಪ್ ನಂಬಬೇಡಿ.

ಭಟ್_ಕುಂದಾಪುರ
ಸುಮಾ ಅವರೇ, ಲಗ್ನ ಯಾವುದು, ಎಷ್ಟು ಡಿಗ್ರಿ ಅಂತ ನೀವು ಬರೆದೇ ಇಲ್ಲ. ಎರಡೂ ಕಡೆ ಯಾವ ಅಯನಾಂಶ, ಅಂದರೆ ಗ್ರಹ, ಲಗ್ನಗಳ ಸ್ಥಾನದಿಂದ ಕಳೆಯುವ ಡಿಗ್ರಿ, ಇದೆ ನೋಡಿ ಹೇಳಿ. ಜನನ ಸಮಯ ಎಲ್ಲಿಂದ ಬಂದದ್ದು?

ಸುಮಾ_ಹಾಸನ
ಆ್ಯಪ್‌ನಲ್ಲಿ ಲಾಹಿರಿ, ತುಲಾ ಲಗ್ನ 29°10'. ಜ್ಯೋತಿಷಿಗಳ ಕುಂಡಲಿಯಲ್ಲಿ ರಾಮನ್, ವೃಶ್ಚಿಕ ಲಗ್ನ. ಕುಜ ಎರಡರಲ್ಲೂ ಮೇಷದಲ್ಲೇ. ಸಮಯ ಅಮ್ಮ ನೆನಪಿಂದ ಹೇಳಿದ್ದು.

ಭಟ್_ಕುಂದಾಪುರ
ಹಾಗಾದರೆ ಆ್ಯಪ್ ಕೆಟ್ಟಿಲ್ಲ, ಜ್ಯೋತಿಷಿಗಳ ಗಣಿತವೂ ತಪ್ಪಲ್ಲ. ರಾಮನ್ ಅಯನಾಂಶ ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಕಳೆಯುವುದು ಕಡಿಮೆಯಾದಾಗ ಲಗ್ನ ಅಷ್ಟು ಮುಂದೆ ಹೋಗಿ ವೃಶ್ಚಿಕಕ್ಕೆ ದಾಟುತ್ತದೆ. ಕುಜ ಕದಲಲಿಲ್ಲ, ಮನೆಗಳ ಎಣಿಕೆ ಬದಲಾಯಿತು. ಲಗ್ನ ಒಂದು ಡಿಗ್ರಿ ಸರಿಯಲು ಹೆಚ್ಚುಕಡಿಮೆ ನಾಲ್ಕು ನಿಮಿಷ ಸಾಕು, ಹಾಗಾಗಿ ಅಮ್ಮ ಹೇಳಿದ್ದಕ್ಕಿಂತ ಐದು ನಿಮಿಷ ತಡವಾಗಿ ಹುಟ್ಟಿದ್ದರೆ ಲಾಹಿರಿಯಲ್ಲೂ ವೃಶ್ಚಿಕವೇ ಬರುತ್ತದೆ.

ವೃಶ್ಚಿಕವಾದರೆ ಕುಜ ಲಗ್ನಾಧಿಪತಿಯೂ ಹೌದು, ಷಷ್ಠಾಧಿಪತಿಯೂ ಹೌದು. ಆರರಲ್ಲಿ ಸ್ವಕ್ಷೇತ್ರದಲ್ಲಿ ಕೂತು ಎಂಟನೇ ದೃಷ್ಟಿಯಿಂದ ತನ್ನದೇ ಲಗ್ನವನ್ನು ನೋಡುತ್ತಾನೆ. ಇದನ್ನು ನಾನು ಓದುವುದು ಹೀಗೆ: ಪಿತ್ತದ ಮೈ, ಬೇಗ ಜ್ವರ ಏರುವುದು, ಗಾಯ, ಉರಿ ಇವುಗಳ ಕಡೆಗೆ ಒಲವು ಇರಬಹುದು. ಚೇತರಿಸಿಕೊಳ್ಳುವ ಶಕ್ತಿಯೂ ಅದೇ ಗ್ರಹದ್ದು. ಒಲವು ಅಂದರೆ ಒಲವು ಅಷ್ಟೇ. ಕಾಯಿಲೆಯ ಹೆಸರಾಗಲಿ ಆಪರೇಷನ್ನಾಗಲಿ ಅದರಿಂದ ಹೊರಡುವುದಿಲ್ಲ. ತುಲಾ ಆದರೆ ಷಷ್ಠಾಧಿಪತಿ ಗುರು, ಆಗ ಓದಬೇಕಾದ್ದು ಮೀನವನ್ನೂ ಗುರು ಇರುವ ಜಾಗವನ್ನೂ. ಐದು ನಿಮಿಷಕ್ಕೆ ತಿರುಗಿಬೀಳುವ ಮಾತನ್ನು "ತಪ್ಪಲ್ಲ" ಅಂತ ತಾಯಿಯ ಮುಂದೆ ಹೇಳಬಾರದಿತ್ತು.

ರಾಜಶೇಖರ_ದಾವಣಗೆರೆ
ತುಲಾ ಆದರೆ ಕೇಂದ್ರದಲ್ಲಿ ಸ್ವಕ್ಷೇತ್ರ ಕುಜ, ರುಚಕ ಯೋಗ! ಎರಡು ಕಡೆಯಿಂದಲೂ ಆರೋಗ್ಯ ಗಟ್ಟಿ. ಅಷ್ಟಕ್ಕೂ ಸರ್ಕಾರಿ ಪಂಚಾಂಗ ಚಿತ್ರಾಪಕ್ಷದ್ದು, ಅಂದ್ರೆ ಲಾಹಿರಿಯೇ, ಅದು ಬಿಟ್ಟು ಬೇರೆ ಯಾಕೆ ಹಿಡೀಬೇಕು?

ಕಿರಣ_ಮೈಸೂರು
ಬೆಂಗಳೂರಿನ ರಾಮನ್ ಅವರ ಪದ್ಧತಿಯಲ್ಲೇ ನಮ್ಮ ತಾತ ನೋಡ್ತಿದ್ದದ್ದು. ಸರ್ಕಾರ ಹೇಳಿದ ಮಾತ್ರಕ್ಕೆ ಬಿಡೋಕಾಗುತ್ತಾ?

ಭಟ್_ಕುಂದಾಪುರ
ಆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಕಿರಣ್, ನಿಮ್ಮ ಲಗ್ನ ಬೇರೆಯಾದರೆ ನಿಮ್ಮ ಕುಜ ಬೇರೆ ಮನೆಗಳ ಒಡೆಯ, ಆ ಹೋಲಿಕೆ ಇಲ್ಲಿಗೆ ಕೂರದು. ಆರರಲ್ಲಿ ಕುಜ ಇದ್ದೂ ಆಪರೇಷನ್ ಆಗದವರನ್ನು ಯಾರೂ ಇಲ್ಲಿ ಬಂದು ಎಣಿಸುವುದಿಲ್ಲ. ಸುಮಾ ಅವರೇ, ತಂಗಿಗೆ ಈಗ ಏನಾದರೂ ತೊಂದರೆ ಇದೆಯಾ?

ಸುಮಾ_ಹಾಸನ
ಅದನ್ನ ಮೊದಲೇ ಬರೀಬೇಕು ಅನ್ನಿಸಲಿಲ್ಲ. ಎರಡು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು. ಹಿಮೋಗ್ಲೋಬಿನ್ 9.2 ಬಂದಿದೆ. ಶಾಂತಿ ಮಾಡಿಸಿದ ಮೇಲೆ ಡಾಕ್ಟರ್ ಹತ್ರ ಹೋಗೋಣ ಅಂತ ಅಮ್ಮ. ಜ್ಯೋತಿಷಿಗಳು ಹೇಳಿದ್ದು ಇದೇ ಇರಬೇಕಲ್ವಾ?

ರಾಜಶೇಖರ_ದಾವಣಗೆರೆ
ಮಂಗಳವಾರ ತೊಗರಿಬೇಳೆ ದಾನ ಕೊಡಿಸಿ, ಕುಜ ಶಾಂತನಾಗ್ತಾನೆ.

ಭಟ್_ಕುಂದಾಪುರ
ದಾನ ಕೊಡಿ, ಆದರೆ ಡಾಕ್ಟರನ್ನು ಅದಕ್ಕೋಸ್ಕರ ಕಾಯಿಸಬೇಡಿ. ವಯಸ್ಕ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ವೈದ್ಯರು ಲೆಕ್ಕ ಹಿಡಿಯುವುದು, ಏದುಸಿರು ಬೇರೆ ಇದೆ. ಕಬ್ಬಿಣದ ಕೊರತೆಯೋ, ಮುಟ್ಟಿನ ರಕ್ತಸ್ರಾವವೋ, ಇನ್ನೇನೋ ಎಂಬುದು ಪರೀಕ್ಷೆಯಿಂದಲೇ ಗೊತ್ತಾಗಬೇಕು. ಇದನ್ನು ಕುಜನಿಗೆ ಜೋಡಿಸಿದರೆ ಕಾರಣ ಹುಡುಕುವುದೇ ನಿಂತುಹೋಗುತ್ತದೆ. ಜಾತಕದ ಕೆಲಸ ಆಮೇಲೆ: ಹೆರಿಗೆಯಾದ ಆಸ್ಪತ್ರೆಯ ದಾಖಲೆಯಲ್ಲಿ ಸಮಯ ಸಿಕ್ಕರೆ ಹಾಕಿ, ಚಂದ್ರನ ಡಿಗ್ರಿಯನ್ನೂ ಬರೆಯಿರಿ. ಅಯನಾಂಶ ಬದಲಾದರೆ ದಶೆಯ ದಿನಾಂಕಗಳೂ ಸರಿಯುತ್ತವೆ. ಹುಟ್ಟಿದಾಗಿನ ದಶೆ ಶನಿಯದಾಗಿದ್ದರೆ ಸುಮಾರು ಎರಡು ವರ್ಷದಷ್ಟು.

ಸುಮಾ_ಹಾಸನ
ನಾಳೆ ಬೆಳಿಗ್ಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಆಯ್ತು. ಅಮ್ಮನಿಗೆ ನಿಮ್ಮ ಮಾತು ಓದಿ ಹೇಳಿದೆ. ಹೆರಿಗೆ ಆಸ್ಪತ್ರೆ ಈಗ ಇಲ್ಲ, ಜನನ ಪ್ರಮಾಣಪತ್ರದಲ್ಲಿ ದಿನಾಂಕ ಮಾತ್ರ ಇದೆ.

ಭಟ್_ಕುಂದಾಪುರ
ಸಮಯ ಸಿಗದಿದ್ದರೆ ಲಗ್ನ ತೀರ್ಮಾನ ಮಾಡಲು ನಾನು ಒಪ್ಪುವುದಿಲ್ಲ. ಹಳೆಯ ಘಟನೆಗಳ ಮೇಲೆ ತಿದ್ದಿ ನೋಡಬಹುದು, ಆದರೆ ಎರಡು ಲಗ್ನಕ್ಕೂ ಹೊಂದುವ ಘಟನೆಗಳೇ ಹೆಚ್ಚು ಸಿಗುತ್ತವೆ.

ಕಿರಣ_ಮೈಸೂರು
ನವಾಂಶ ಲಗ್ನದಿಂದ ಹಿಡೀಬಹುದಲ್ವಾ ಭಟ್ರೇ? ತುಲಾ ಕೊನೆ ಆದ್ರೆ ಮಿಥುನ, ವೃಶ್ಚಿಕ ಮೊದಲು ಆದ್ರೆ ಕರ್ಕ. ಹುಡುಗಿ ಸ್ವಭಾವ ಹೇಗೆ?

ರಾಜಶೇಖರ_ದಾವಣಗೆರೆ
ಏಳರ ಕುಜ ಅಂದ್ರೆ ಕುಜದೋಷನೂ ನೋಡ್ಬೇಕಲ್ಲ. ಮದುವೆ ಆಗಿದೆಯಾ ಮೇಡಂ?