ಪದಚರ್ಚೆ: ಟ್ರಾನ್ಸ್‌ಫಾರ್ಮರ್‌ಗೆ ಡಿಸಿ ಕೊಟ್ಟರೆ ‘ಕೆಲಸ ಮಾಡುವುದಿಲ್ಲ’ ಎಂದು ಬರೆಯಬಹುದೇ?

ಪಾಲಿಟೆಕ್ನಿಕ್ ಶಿಕ್ಷಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಎಸಿ ಪ್ಯಾನೆಲ್ ಪಕ್ಕದಲ್ಲೇ 220 ವೋಲ್ಟ್ ಡಿಸಿ ಪ್ಯಾನೆಲ್ ಇದೆ. ಎರಡರ ಟರ್ಮಿನಲ್‌ಗಳೂ ಒಂದೇ ಥರ. ಗೋಡೆಗೆ ಕನ್ನಡದಲ್ಲಿ ಪ್ರಶ್ನೋತ್ತರದ ಬೋರ್ಡ್ ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಈಗಿನ ಕರಡು ಹೀಗಿದೆ:

ಪ್ರಶ್ನೆ: ಪರಿವರ್ತಕದ ಪ್ರಾಥಮಿಕ ಸುರುಳಿಗೆ ನೇರ ವಿದ್ಯುತ್ ಕೊಟ್ಟರೆ ಏನಾಗುತ್ತದೆ?
ಉತ್ತರ: ತಿರುಳು ಪರ್ಯಾಪ್ತವಾಗಿ ಪರಿವರ್ತಕ ಕೆಲಸ ಮಾಡುವುದಿಲ್ಲ.

‘ಪರ್ಯಾಪ್ತ’ ಹುಡುಗರಿಗೆ ಅರ್ಥವಾಗುತ್ತಾ? ಬೇರೆ ಪದ ಇದ್ದರೆ ಇವತ್ತೇ ತಿಳಿಸಿ.

ಕನ್ನಡ ಅಧ್ಯಾಪಕರು, ಚಿಕ್ಕಮಗಳೂರು

‘ಪರ್ಯಾಪ್ತ’ ಬೇಡವೇ ಬೇಡ. ಕನ್ನಡದ್ದೇ ‘ತಣಿ’ ಇದೆ. ಹೊಟ್ಟೆ ತಣಿಯಿತು, ನೆಲ ತಣಿಯಿತು ಅಂತೀವಲ್ಲ, ಇನ್ನು ಸಾಕು ಅನ್ನುವಷ್ಟು ತುಂಬಿತು ಎಂದೇ ಅರ್ಥ. ‘ತಿರುಳು ತಣಿದು’ ಎಂದು ಬರೆಯಿರಿ. ಪರಿವರ್ತಕ ಬಿಟ್ಟು ‘ಮಾರ್ಪುಕ’ ಅನ್ನಿ. ಸಂಸ್ಕೃತದಿಂದ ಸಾಲ ತರುವ ಚಟ ಬಿಡದೆ ಕನ್ನಡದಲ್ಲಿ ವಿಜ್ಞಾನ ಬೆಳೆಯುವುದಿಲ್ಲ.

ಕಾಫಿ ಬೆಳೆಗಾರ, ಸಕಲೇಶಪುರ

ನಮ್ಮ ತೋಟದ ಹತ್ತಿರದ ಟಿಸಿ ಹೋದ ಬೇಸಿಗೆಯಲ್ಲಿ ಸುಟ್ಟುಹೋಯಿತು. ಅಕ್ಕಪಕ್ಕದವರು ಲೈನಿನಿಂದ ಡೈರೆಕ್ಟ್ ಎಳೆದುಕೊಂಡಿದ್ದರು, ಲೋಡ್ ಜಾಸ್ತಿ ಆಯಿತು. ನೇರ ವಿದ್ಯುತ್ ಕೊಡಬೇಡಿ ಎಂದು ಲ್ಯಾಬಿನಲ್ಲಿ ಮಾತ್ರ ಅಲ್ಲ, ಊರೂರಲ್ಲೂ ಬರೆಸಬೇಕು.

ವೈಂಡಿಂಗ್ ಅಂಗಡಿಯವರು, ಹಾಸನ

ಮೇಡಂ, ಮೇಲಿನ ಪತ್ರ ಓದಿದಿರಲ್ಲ. ನಿಮ್ಮ ಬೋರ್ಡಿನ ಮೊದಲ ತೊಂದರೆ ಅದೇ. ‘ನೇರ’ ಅಂದರೆ ನಮ್ಮ ಕಡೆ ಜನ ‘ಮಧ್ಯೆ ಏನೂ ಇಲ್ಲದೆ, ಡೈರೆಕ್ಟಾಗಿ’ ಎಂದೇ ತಿಳಿಯುತ್ತಾರೆ. ಬೆಳೆಗಾರರು ಹೇಳಿದ್ದು ಓವರ್‌ಲೋಡ್ ಕತೆ. ಅಲ್ಲಿ ಇದ್ದದ್ದು ಎಸಿಯೇ. ಬೋರ್ಡಿನಲ್ಲಿ ‘ಡಿಸಿ’ ಎಂದೇ ಬರೆಯಿರಿ. ಪ್ಯಾನೆಲ್ ಮೇಲೂ ಅದೇ ಅಕ್ಷರ ಇರುತ್ತದೆ.

‘ತಣಿ’ ಬೇಡ. ಕಾಯಿಲ್ ಕಾದು ಸುಡುವ ವಿಷಯ ಬರೆಯುವಾಗ ‘ತಣಿದು’ ಎಂದರೆ ಹುಡುಗ ತಣ್ಣಗಾಯಿತು ಅಂದುಕೊಳ್ಳುತ್ತಾನೆ.

ಇದಕ್ಕಿಂತ ದೊಡ್ಡ ತಪ್ಪು ‘ಕೆಲಸ ಮಾಡುವುದಿಲ್ಲ’ ಅನ್ನುವುದು. ಓದಿದವನಿಗೆ ಕೊಟ್ಟು ನೋಡಿದರೆ ನಷ್ಟ ಏನಿಲ್ಲ ಅನ್ನಿಸುತ್ತದೆ. ನಿಜವಾಗಿ ಏನಾಗುತ್ತದೆ ಎಂದು ನಾವು ದಿನಾ ಸುತ್ತುವ ಒಂದು ಪೀಸ್ ಇಟ್ಟುಕೊಂಡೇ ಹೇಳುತ್ತೇನೆ. 230ಕ್ಕೆ 12 ವೋಲ್ಟ್, 5 ಆಂಪಿಯರ್. ಪೂರ್ತಿ ಲೋಡಿನಲ್ಲೂ ಪ್ರೈಮರಿ ಎಳೆಯುವುದು ಕಾಲು ಆಂಪಿಯರ್ ಚಿಲ್ಲರೆ. ಆ ಕಾಯಿಲ್ಲಿಗೆ ಮೀಟರ್ ಹಿಡಿದರೆ 25 ಓಮ್ ಆಸುಪಾಸು ತೋರಿಸುತ್ತದೆ ಅಂದುಕೊಳ್ಳಿ. ಎಸಿಯಲ್ಲಿ ಕರೆಂಟನ್ನು ತಡೆದು ನಿಲ್ಲಿಸುವುದು ಈ 25 ಓಮ್ ಅಲ್ಲ. ಕಾಂತಕ್ಷೇತ್ರ ಏರುತ್ತ ಇಳಿಯುತ್ತ ಇರುವುದರಿಂದ ಕಾಯಿಲ್ಲಿನಲ್ಲೇ ಎದುರು ವೋಲ್ಟೇಜ್ ಹುಟ್ಟುತ್ತದೆ, ತಡೆಯುವುದು ಅದು. ಪ್ರತಿ 10 ಮಿಲಿಸೆಕೆಂಡಿಗೆ ಸಪ್ಲೈ ದಿಕ್ಕು ತಿರುಗುವುದರಿಂದ ತಿರುಳಿನ ಕಬ್ಬಿಣದ ಸ್ಟ್ಯಾಂಪಿಂಗ್‌ನಲ್ಲಿ ಕಾಂತತೆ ಮಿತಿ ದಾಟುವುದಿಲ್ಲ.

220 ವೋಲ್ಟ್ ಡಿಸಿಯಲ್ಲಿ ದಿಕ್ಕು ತಿರುಗುವುದೇ ಇಲ್ಲ. 5 ಮಿಲಿಸೆಕೆಂಡ್ ಆಗುವಷ್ಟರಲ್ಲಿ ಕಾಂತತೆ ಎಸಿಯ ತುತ್ತತುದಿ ಮುಟ್ಟಿ ಮುಂದಕ್ಕೆ ಹೋಗುತ್ತದೆ. ಆಮೇಲೆ ಕಬ್ಬಿಣದಲ್ಲಿ ಜಾಗ ಇಲ್ಲ. ಎದುರು ವೋಲ್ಟೇಜೂ ಇಲ್ಲ. ಉಳಿಯುವುದು ಬರೀ 25 ಓಮ್. 220 ಭಾಗಿಸು 25, ಅಂದರೆ 8.8 ಆಂಪಿಯರ್. ಆ ಪುಟ್ಟ ಕಾಯಿಲ್ಲಿನ ಒಳಗೆ 1900 ವ್ಯಾಟಿಗಿಂತ ಜಾಸ್ತಿ ಶಾಖ, ಬಚ್ಚಲುಮನೆ ಗೀಸರಿನಷ್ಟು. ಸೆಕೆಂಡರಿಗೆ ಮುಳ್ಳಿನ ಮೀಟರ್ ಹಾಕಿದ್ದರೆ ಸ್ವಿಚ್ ಒತ್ತಿದಾಗ ಮುಳ್ಳು ಒಮ್ಮೆ ಜಿಗಿದು ಸೊನ್ನೆಗೆ ಬರುತ್ತದೆ. ಎಸಿಯಲ್ಲಿ ಕೇಳುವ ಗುಂಯ್ ಸದ್ದು ಇರುವುದಿಲ್ಲ. ಸದ್ದಿಲ್ಲ, ವೋಲ್ಟೇಜಿಲ್ಲ, ವಾರ್ನಿಷ್ ವಾಸನೆ ಬರುತ್ತಿದೆ ಅಂದರೆ ಡಿಸಿ ಕೊಟ್ಟಿದ್ದಾರೆ ಎಂದೇ ಲೆಕ್ಕ.

ಡಿಪ್ಲೊಮಾ ವಿದ್ಯಾರ್ಥಿ, ಅರಸೀಕೆರೆ

ಸರ್, ಎಂಸಿಬಿ ಇರುತ್ತಲ್ವಾ, ಅದು ಬಿದ್ದರೆ ಟ್ರಾನ್ಸ್‌ಫಾರ್ಮರ್ ಉಳಿಯುತ್ತೆ. ನಾನು ಇಂಥದ್ದೇ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ 12 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿದ್ದೇನೆ, ಸ್ವಲ್ಪ ಬೆಚ್ಚಗಾಯಿತು ಅಷ್ಟೆ. ಹಾಗಾಗಿ ‘ಸುಟ್ಟುಹೋಗುತ್ತದೆ’ ಅನ್ನುವುದೂ ಪೂರ್ತಿ ಸರಿ ಅಲ್ಲ.

ವೈಂಡಿಂಗ್ ಅಂಗಡಿಯವರು, ಹಾಸನ

ಅರ್ಧ ಸರಿ ಹೇಳಿದೆ ಕಣಪ್ಪ. 230ರ ಕಾಯಿಲ್ಲಿಗೆ 12 ವೋಲ್ಟ್ ಕೊಟ್ಟರೆ ಅರ್ಧ ಆಂಪಿಯರ್, ಆರು ವ್ಯಾಟಿನ ಹತ್ತಿರ. ತಕ್ಷಣ ಸುಡುವುದಿಲ್ಲ. ಆದರೆ ವೈರ್ ತೆಗೆಯುವಾಗ ಬರಿಗೈಯಲ್ಲಿ ತುದಿ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ಕಾಂತಕ್ಷೇತ್ರ ಒಮ್ಮೆಲೇ ಕುಸಿದಾಗ 12 ವೋಲ್ಟಿಗಿಂತ ಎಷ್ಟೋ ಪಟ್ಟು ಒದೆಯುತ್ತದೆ. ಇನ್ವರ್ಟರ್ ಟ್ರಾನ್ಸ್‌ಫಾರ್ಮರಿನಲ್ಲಿ ಬ್ಯಾಟರಿ ಕಡೆಯ ದಪ್ಪ ಕಾಯಿಲ್ಲೇ ಪ್ರೈಮರಿ, ಅದರ ರೆಸಿಸ್ಟೆನ್ಸ್ ಒಂದು ಓಮಿನ ನೂರರಲ್ಲಿ ಕೆಲವೇ ಪಾಲು. ಅದಕ್ಕೆ ಇದೇ 12 ವೋಲ್ಟ್ ಬ್ಯಾಟರಿ ಕೊಟ್ಟರೆ ನೂರಾರು ಆಂಪಿಯರ್. ಇನ್ವರ್ಟರಿನಲ್ಲಿ ಒಂದು ಮಾಸ್ಫೆಟ್ ಶಾರ್ಟ್ ಆಗಿ ನಿಂತಾಗ ಆಗುವುದು ಇದೇ. ‘ಪ್ರೈಮರಿ’ ಅನ್ನುವ ಪದ ಯಾವ ಕಡೆ ಸಪ್ಲೈ ಕೊಡುತ್ತೀವೋ ಆ ಕಡೆಗೆ ಸೇರಿದ್ದು, ಹೆಚ್ಚು ವೋಲ್ಟಿನ ಕಡೆಗಲ್ಲ.

ಎಂಸಿಬಿ ನಂಬಬೇಡ. ಪ್ಯಾನೆಲ್ಲಿನಲ್ಲಿ 6 ಆಂಪಿಯರಿನದ್ದು ಇದ್ದರೆ, 8.8 ಅದಕ್ಕೆ ಒಂದೂವರೆ ಪಟ್ಟೂ ಅಲ್ಲ. ನಿಮಿಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಅಷ್ಟರಲ್ಲಿ ತಾಮ್ರ 100 ಡಿಗ್ರಿ ಏರಿದರೆ ರೆಸಿಸ್ಟೆನ್ಸ್ ಜಾಸ್ತಿಯಾಗಿ ಕರೆಂಟ್ 6.3ರ ಹತ್ತಿರ ಇಳಿಯುತ್ತದೆ. ಆಗ ಬೀಳುವ ಸಾಧ್ಯತೆ ಇನ್ನೂ ಕಡಿಮೆ. ವಾರ್ನಿಷ್ ಕರಗಿ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿ ಕರೆಂಟ್ ಮತ್ತೆ ನುಗ್ಗಿದಾಗ ಬೀಳುತ್ತದೆ. ಆಗ ಕಾಯಿಲ್ ಉಳಿದಿರುವುದಿಲ್ಲ. ಆ ಪ್ರೈಮರಿಗೆ ಅರ್ಧ ಆಂಪಿಯರ್ ಫ್ಯೂಸ್ ಹಾಕಿ. ಅದೂ ಡಿಸಿ ವೋಲ್ಟೇಜ್ ಬರೆದಿರುವ ಫ್ಯೂಸೇ ಆಗಬೇಕು. ಎಸಿಯದ್ದಾದರೆ ಒಳಗೆ ಹೊತ್ತಿದ ಕಿಡಿ ಆರದೆ ಉಳಿಯಬಹುದು.

ಕನ್ನಡ ಅಧ್ಯಾಪಕರು, ಚಿಕ್ಕಮಗಳೂರು

ಇದು ಪದಚರ್ಚೆಯ ಬಳಗ, ರಿಪೇರಿ ಅಂಗಡಿ ಅಲ್ಲ. ಡಿಸಿ, ಪ್ರೈಮರಿ, ಕಾಯಿಲ್, ಫ್ಯೂಸ್ ಎಲ್ಲವನ್ನೂ ಹಾಗೇ ಬಿಟ್ಟರೆ ಬೋರ್ಡಿನಲ್ಲಿ ಕನ್ನಡ ಎಲ್ಲಿ ಉಳಿಯಿತು? ವಿಭಕ್ತಿ ಪ್ರತ್ಯಯ ಮಾತ್ರ. ‘ಒಮ್ಮುಖ ಮಿಂಚು’ ಅನ್ನಿ, ಹತ್ತು ಸಲ ಓದಿದರೆ ರೂಢಿಯಾಗುತ್ತದೆ.

ವೈಂಡಿಂಗ್ ಅಂಗಡಿಯವರು, ಹಾಸನ

ಹತ್ತು ಸಲ ಓದುವಷ್ಟು ಹೊತ್ತು ಕಾಯಿಲ್ ಕಾಯುವುದಿಲ್ಲ ಸ್ವಾಮಿ. ಕನ್ನಡ ಕ್ರಿಯಾಪದದಲ್ಲಿ ಇರಲಿ. ಕಾಯುತ್ತದೆ, ಸುಡುತ್ತದೆ, ಒದೆಯುತ್ತದೆ. ವಸ್ತುವಿನ ಹೆಸರು ಅದರ ಮೇಲೆ ಬರೆದಿರುವುದೇ ಇರಲಿ.

ಪಾಲಿಟೆಕ್ನಿಕ್ ಶಿಕ್ಷಕಿ, ಹಾಸನ

ಇಬ್ಬರಿಗೂ ವಂದನೆ. ಪೇಂಟರಿಗೆ ಹೀಗೆ ಕಳಿಸುತ್ತಿದ್ದೇನೆ:

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ 220 ವೋಲ್ಟ್ ಡಿಸಿ ಕೊಟ್ಟರೆ ಏನಾಗುತ್ತದೆ?
ಉತ್ತರ: ಸೆಕೆಂಡರಿಯಲ್ಲಿ ವೋಲ್ಟೇಜ್ ನಿಲ್ಲುವುದಿಲ್ಲ. ಪ್ರೈಮರಿಯಲ್ಲಿ ಕರೆಂಟ್ ಮಿತಿ ಮೀರಿ ಹರಿದು ಸುರುಳಿ ಸುಟ್ಟುಹೋಗುತ್ತದೆ. ಎಂಸಿಬಿ ಕಾಪಾಡುವುದಿಲ್ಲ.

ತಿರುಳಿನ ಮಾತು ಬೋರ್ಡಿನಿಂದ ತೆಗೆದೆ, ಅದು ಪಾಠದಲ್ಲಿ ಬರುತ್ತದೆ. ಅಲ್ಲಿ ‘ಪರ್ಯಾಪ್ತ’ವೋ ‘ತುಂಬಿದ’ವೋ ಇನ್ನೂ ಯೋಚಿಸುತ್ತಿದ್ದೇನೆ.

ಕನ್ನಡ ಅಧ್ಯಾಪಕರು, ಚಿಕ್ಕಮಗಳೂರು

‘ತುಂಬಿದ’ ಸಾಲದು. ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ಹೊರಗೆ ಚೆಲ್ಲುತ್ತದೆ, ಇಲ್ಲಿ ಹಾಗಾಗುತ್ತದೆಯೇ? ‘ತಣಿ’ಯ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.