ಮೊದಲ ವರ್ಷದವರಿಗೆ ಕಾಂಪೌಂಡಿಂಗ್ ಪರಿಚಯಿಸುವ ಭಾಷಣ: ಎಲ್ಲಿಂದ ಆರಂಭಿಸಬೇಕು?

ಕೋರಿಕೆ (ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿ)

ನಮ್ಮ ಕಾಲೇಜಿನ ಹಣಕಾಸು ಕೂಟದ ಮೊದಲ ಸಭೆಯಲ್ಲಿ ಹೊಸಬರಿಗೆ ಕಾಂಪೌಂಡಿಂಗ್, ಎಂದರೆ ಬಡ್ಡಿಗೂ ಬಡ್ಡಿ ಸೇರುವ ಚಕ್ರಬಡ್ಡಿಯ ಕುರಿತು ಹದಿನೈದು ನಿಮಿಷ ಮಾತನಾಡಬೇಕಾಗಿದೆ. ಕೇಳುಗರಲ್ಲಿ ಕಲಾ ವಿಭಾಗದವರೂ ಇರುತ್ತಾರೆ. ಸೂತ್ರ ಬರೆದರೆ ಅವರು ಕೈಬಿಡುತ್ತಾರೆಂಬ ಅಳುಕಿದೆ. ಇಂಥ ಭಾಷಣ ಮಾಡಿದವರು ಯಾವ ಉದಾಹರಣೆ ನಾಟಿತೆಂದು ದಯವಿಟ್ಟು ತಿಳಿಸಿ.

ವಾಣಿಜ್ಯ ಗಣಿತದ ಅಧ್ಯಾಪಕಿ, ಧಾರವಾಡ

ಸೂತ್ರವನ್ನು ಕೊನೆಯವರೆಗೂ ಬರೆಯಬೇಡಿ. ಹಲಗೆಯ ಮೇಲೆ ಎರಡು ಅಂಕಣಗಳನ್ನು ಎಳೆಯಿರಿ. ಮೊದಲನೆಯದಕ್ಕೆ ‘ಅಸಲಿನ ಮೇಲಿನ ಬಡ್ಡಿ’ ಎಂದೂ ಎರಡನೆಯದಕ್ಕೆ ‘ಬಡ್ಡಿಯ ಮೇಲಿನ ಬಡ್ಡಿ’ ಎಂದೂ ಹೆಸರಿಡಿ. ಹತ್ತು ಸಾವಿರ ರೂಪಾಯಿಯನ್ನು ವರ್ಷಕ್ಕೆ 8% ಬಡ್ಡಿಯಲ್ಲಿ ಇಟ್ಟು, ಬಂದ ಬಡ್ಡಿಯನ್ನು ಮುಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ವರ್ಷ ವರ್ಷವೂ ತುಂಬುತ್ತ ಹೋಗಿ. ಮೊದಲ ವರ್ಷ ಎಡಗಡೆ 800, ಬಲಗಡೆ ಸೊನ್ನೆ. ಎರಡನೆಯ ವರ್ಷ ಎಡಗಡೆ ಮತ್ತೆ 800, ಬಲಗಡೆ 64. ಮೂರನೆಯ ವರ್ಷ 800 ಮತ್ತು 133. ನಾಲ್ಕನೆಯ ವರ್ಷ 800 ಮತ್ತು 208. ಎಡ ಅಂಕಣ ಎಂದೂ ಬದಲಾಗುವುದಿಲ್ಲ, ಬದಲಾಗುವುದೆಲ್ಲ ಬಲಗಡೆಯೇ ಎಂಬುದನ್ನು ನೀವು ಹೇಳಬೇಕಾಗಿಲ್ಲ, ಅಷ್ಟು ಹೊತ್ತಿಗೆ ಯಾರಾದರೂ ತಾವಾಗಿಯೇ ಹೇಳುತ್ತಾರೆ.

ಐದು ವರ್ಷ ತುಂಬಿದಾಗ ಒಟ್ಟು ಮೊತ್ತ 14,693 ಆಗಿರುತ್ತದೆ. ಸರಳ ಬಡ್ಡಿಯಾಗಿದ್ದರೆ 14,000 ಆಗುತ್ತಿತ್ತು. ಐದು ವರ್ಷ ಕಾದದ್ದಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ್ದು 693 ರೂಪಾಯಿ ಮಾತ್ರ ಎಂದು ಬಚ್ಚಿಡದೆ ಹೇಳಿಬಿಡಿ. ಬಹುತೇಕ ಭಾಷಣಕಾರರು ಈ ಮಂದಗತಿಯ ಭಾಗವನ್ನು ಹಾರಿ ನೇರವಾಗಿ ಮೂವತ್ತನೆಯ ವರ್ಷಕ್ಕೆ ಹೋಗುತ್ತಾರೆ. ಹಾಗೆ ಕೇಳಿದ ವಿದ್ಯಾರ್ಥಿ ಮುಂದೆ ತನ್ನ ಖಾತೆಯಲ್ಲಿ ಮೂರು ವರ್ಷಕ್ಕೂ ಏನೂ ಕಾಣದಾಗ ಹಣ ಹಿಂದಕ್ಕೆ ತೆಗೆಯುತ್ತಾನೆ.

ಆಮೇಲೆ ಹತ್ತನೆಯ ವರ್ಷಕ್ಕೆ ಬನ್ನಿ. ಒಂಬತ್ತು ವರ್ಷ ಮುಗಿದಾಗ ಖಾತೆಯಲ್ಲಿ 19,990 ರೂಪಾಯಿ ಇರುತ್ತದೆ, ಎಂದರೆ ಹಣ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಹಾಗಾಗಿ ಹತ್ತನೆಯ ವರ್ಷ ಎಡಗಡೆ 800, ಬಲಗಡೆ 799. ಕೂಡಿಟ್ಟ ಬಡ್ಡಿ ಅಸಲಿಗೆ ಸಮನಾಗಿ ದುಡಿಯಲು ತೊಡಗುವುದು ಇಲ್ಲಿಂದ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಭಾಷಣದ ನಡುಗಂಬ ಇದೇ. ಮೂವತ್ತನೆಯ ವರ್ಷದಲ್ಲಿ ಎಡಗಡೆ ಅದೇ 800 ಇದ್ದು ಬಲಗಡೆ 6,654 ಆಗಿರುತ್ತದೆ, ವರ್ಷದ ಕೊನೆಗೆ ಒಟ್ಟು ಮೊತ್ತ 1,00,627 ತಲುಪುತ್ತದೆ.

ಅರ್ಥವಾಗಿದೆಯೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಪ್ರತಿವರ್ಷ 800 ರೂಪಾಯಿ ಬಡ್ಡಿಯನ್ನು ತೆಗೆದು ಖರ್ಚು ಮಾಡಿದರೆ ಬಲ ಅಂಕಣ ಏನಾಗುತ್ತದೆ? ಸೊನ್ನೆಯಾಗಿಯೇ ಉಳಿಯುತ್ತದೆ ಎಂದವನಿಗೆ ವಿಷಯ ಸಿಕ್ಕಿದೆ. ‘ಸ್ವಲ್ಪ ಕಡಿಮೆಯಾಗುತ್ತದೆ’ ಎಂದವನಿಗೆ ಮತ್ತೊಮ್ಮೆ ಎರಡನೆಯ ವರ್ಷದಿಂದ ಹೇಳಬೇಕು.

ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಯುವಕ, ಬೆಂಗಳೂರು

ಮೇಡಂ ಹೇಳಿದ್ದು ಸರಿಯಿದೆ. ಆದರೆ ನಿಜವಾದ ಗುಟ್ಟು ಬಡ್ಡಿಯನ್ನು ಎಷ್ಟು ಸಲ ಅಸಲಿಗೆ ಸೇರಿಸುತ್ತಾರೆ ಎಂಬುದರಲ್ಲಿದೆ ಎಂದು ನನಗನ್ನಿಸುತ್ತದೆ. ವರ್ಷಕ್ಕೊಮ್ಮೆ ಸೇರಿಸುವ ಬದಲು ದಿನಕ್ಕೊಮ್ಮೆ ಸೇರಿಸಿದರೆ ಅದೇ ಹಣ ಹಲವು ಪಟ್ಟು ಬೆಳೆಯುತ್ತದೆ. ಭಾಷಣದಲ್ಲಿ ಇದಕ್ಕೇ ಒತ್ತು ಕೊಡಿ. ಆರಂಭಕ್ಕೆ, ಚಕ್ರಬಡ್ಡಿಯೇ ಜಗತ್ತಿನ ಎಂಟನೆಯ ಅದ್ಭುತ ಎಂದು ಐನ್‌ಸ್ಟೈನ್ ಹೇಳಿದ ಮಾತನ್ನು ಬಳಸಿದರೆ ಸಭೆ ಕೂಡಲೇ ಗಮನ ಕೊಡುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಐನ್‌ಸ್ಟೈನ್ ಆ ಮಾತನ್ನು ಹೇಳಿದ್ದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ, ಆದ್ದರಿಂದ ಅದನ್ನು ಬಿಡುವುದೇ ಲೇಸು. ಸಭೆಯಲ್ಲಿ ಒಬ್ಬರಿಗೆ ಇದು ಗೊತ್ತಿದ್ದರೂ ನೀವು ಮುಂದೆ ಹೇಳುವ ಲೆಕ್ಕಗಳ ಮೇಲೂ ಅನುಮಾನ ಬರುತ್ತದೆ.

ಎಷ್ಟು ಸಲ ಸೇರಿಸುತ್ತಾರೆ ಎಂಬುದರ ಪರಿಣಾಮವನ್ನು ತಮ್ಮಾ, ನೀವೇ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ರೂಪಾಯಿ, 8%, ಹತ್ತು ವರ್ಷ. ವರ್ಷಕ್ಕೊಮ್ಮೆ ಸೇರಿಸಿದರೆ 2,15,892. ನಮ್ಮ ಬ್ಯಾಂಕುಗಳ ಠೇವಣಿಗಳಲ್ಲಿ ಸಾಮಾನ್ಯವಾಗಿ ನಡೆಯುವಂತೆ ಮೂರು ತಿಂಗಳಿಗೊಮ್ಮೆ ಸೇರಿಸಿದರೆ 2,20,804. ದಿನಕ್ಕೊಮ್ಮೆ ಸೇರಿಸಿದರೂ 2,22,535ನ್ನು ದಾಟುವುದಿಲ್ಲ. ಹಲವು ಪಟ್ಟು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಕೌಂಟರಿನಲ್ಲಿ ಕುಳಿತು ನಾನು ಕಂಡ ದೊಡ್ಡ ವ್ಯತ್ಯಾಸ ಬೇರೆಯದು. ಠೇವಣಿ ಫಾರ್ಮಿನಲ್ಲಿ ಬಡ್ಡಿಯನ್ನು ತಿಂಗಳು ತಿಂಗಳು ಉಳಿತಾಯ ಖಾತೆಗೆ ಹಾಕಬೇಕೋ ಅಥವಾ ಠೇವಣಿಗೇ ಸೇರಿಸಬೇಕೋ ಎಂಬ ಆಯ್ಕೆ ಇರುತ್ತದೆ. ಅನೇಕರು ಅದನ್ನು ಓದದೆಯೇ ಸಹಿ ಹಾಕುತ್ತಿದ್ದರು. ಉಳಿತಾಯ ಖಾತೆಗೆ ಬಂದ ಬಡ್ಡಿ ಬಹುಮಟ್ಟಿಗೆ ಖರ್ಚಾಗಿಯೇ ಹೋಗುತ್ತದೆ, ಹಾಗಾದಾಗ ಅಧ್ಯಾಪಕಿಯವರ ಬಲ ಅಂಕಣ ಹುಟ್ಟುವುದೇ ಇಲ್ಲ.

ಹಣ ದುಪ್ಪಟ್ಟಾಗುವ ಕಾಲವನ್ನು ಬಾಯಿಲೆಕ್ಕದಲ್ಲಿ ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸುವ ಕ್ರಮವನ್ನು ಹೇಳಿಕೊಡಿ. ಅದನ್ನು ನಂಬಿಸಲು ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. 2023ರ ಏಪ್ರಿಲ್‌ನಲ್ಲಿ ಅದರ ದರವನ್ನು 7.5% ಎಂದು ನಿಗದಿಪಡಿಸಿದಾಗ, ಹಣ ದುಪ್ಪಟ್ಟಾಗುವ ಅವಧಿಯನ್ನು ಸರ್ಕಾರ 115 ತಿಂಗಳು ಎಂದು ಪ್ರಕಟಿಸಿತು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ, ಎಂದರೆ 115 ತಿಂಗಳು ಮತ್ತು ಕೆಲವು ದಿನ. ಮಕ್ಕಳು ತಾವೇ ಭಾಗಿಸಿ, ಬಳಿಕ ಅಂಚೆ ಕಚೇರಿಯ ಅಂಕಿಯನ್ನು ನೋಡಲಿ.

ಗೃಹಿಣಿ, ಹಾವೇರಿ ಜಿಲ್ಲೆ

ನೀವೆಲ್ಲ ಉಳಿತಾಯದ ಮಾತನ್ನೇ ಆಡುತ್ತಿದ್ದೀರಿ. ನನ್ನ ತವರಿನಲ್ಲಿ ಚಕ್ರಬಡ್ಡಿ ಗೊತ್ತಾದದ್ದು ಸಾಲದಿಂದ. ಅಪ್ಪ ಬೋರ್‌ವೆಲ್ ಕೊರೆಸಲು ಊರಿನ ಒಬ್ಬರಿಂದ ಐವತ್ತು ಸಾವಿರ ರೂಪಾಯಿಯನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಮೇಲೆ ತಂದಿದ್ದರು, ಎಂದರೆ ತಿಂಗಳಿಗೆ ಒಂದು ಸಾವಿರ. ಮಳೆ ಕೈಕೊಟ್ಟಿದ್ದರಿಂದ ಬಡ್ಡಿಯನ್ನೂ ಕಟ್ಟಲಾಗಲಿಲ್ಲ. ನಮ್ಮ ಕಡೆ ಪ್ರಾಮಿಸರಿ ನೋಟಿಗೆ ಮೂರು ವರ್ಷದ ವಾಯಿದೆ ಎನ್ನುತ್ತಾರೆ, ಅದು ಮುಗಿಯುವ ಮೊದಲು ಸಾಲ ಕೊಟ್ಟವರು ಹೊಸ ನೋಟು ಬರೆಸಿಕೊಳ್ಳುತ್ತಾರೆ. ಆಗ ಬಾಕಿಯಿದ್ದ ಬಡ್ಡಿ 36,000. ಹೊಸ ನೋಟಿನಲ್ಲಿ ಅಸಲು 86,000 ಎಂದು ಬರೆದರು. ಬಡ್ಡಿಯ ದರ ಒಂದು ಪೈಸೆಯೂ ಏರಿರಲಿಲ್ಲ, ಆದ್ದರಿಂದ ಸಹಿ ಹಾಕುವಾಗ ಅಪ್ಪನಿಗೆ ಏನೂ ಬದಲಾದಂತೆ ಕಾಣಲಿಲ್ಲ. ಆದರೆ ತಿಂಗಳ ಬಡ್ಡಿ 1,000ದಿಂದ 1,720ಕ್ಕೆ ಏರಿತ್ತು. ಆರು ವರ್ಷಕ್ಕೆ ಲೆಕ್ಕ 1,47,920 ಆಯಿತು, ಜಮೀನಿನ ಒಂದು ತುಂಡು ಹೋಯಿತು.

ನಿಮ್ಮ ಸಭೆಯಲ್ಲಿ ಹಳ್ಳಿಯ ಮಕ್ಕಳೂ ಇರುತ್ತಾರೆ. ಅವರಿಗೆ ಮೊದಲು ಇದನ್ನು ಹೇಳಿ. ಉಳಿತಾಯಕ್ಕೆ ಹಣವಿಲ್ಲದವರಿಗೂ ಇದು ಬೇಕು.

ಕಾಲೇಜು ವಿದ್ಯಾರ್ಥಿಯ ತಂದೆ, ಶಿವಮೊಗ್ಗ

ನನ್ನ ಮಗನೂ ಇದನ್ನೇ ಕೇಳುತ್ತಿದ್ದಾನೆ. ತಿಂಗಳಿಗೆ ಐನೂರು ರೂಪಾಯಿ ಹಾಕಲು ಯಾವ ಮ್ಯೂಚುವಲ್ ಫಂಡ್ ಒಳ್ಳೆಯದು ಎಂದು ತಿಳಿದವರು ಹೇಳಬೇಕು. ಷೇರಿನಲ್ಲಿ ವರ್ಷಕ್ಕೆ 12% ಚಕ್ರಬಡ್ಡಿ ಬರುತ್ತದೆಂದು ಕೇಳಿದ್ದೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ರಾಯರೇ, ಇಲ್ಲಿ ಕೇಳಿರುವುದು ಭಾಷಣದ ಬಗ್ಗೆ. ಯಾವ ಫಂಡ್ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಕೊನೆಯ ವಾಕ್ಯ ಭಾಷಣಕಾರರಿಗೂ ಬೇಕಾದದ್ದು. ಷೇರಿನಲ್ಲಿ ಬಡ್ಡಿಯೆಂಬುದಿಲ್ಲ, ಏರಿಳಿತವಿದೆ. ಹತ್ತು ಸಾವಿರ ರೂಪಾಯಿ ಒಂದು ವರ್ಷ 30% ಏರಿ 13,000 ಆಗಿ, ಮರುವರ್ಷ 20% ಇಳಿದರೆ ಕೈಯಲ್ಲಿ ಉಳಿಯುವುದು 10,400. ಎರಡು ವರ್ಷದ ಸರಾಸರಿ 5% ಎಂದು ಹೇಳಬಹುದು, ಆದರೆ ಹಣ ಬೆಳೆದದ್ದು ವರ್ಷಕ್ಕೆ 2%ರಷ್ಟೂ ಅಲ್ಲ. ಇಳಿತ ಬಂದಾಗ ಅದು ಹಿಂದೆ ಕೂಡಿದ್ದನ್ನೂ ಸೇರಿಸಿ ಕತ್ತರಿಸುತ್ತದೆ. ಆದ್ದರಿಂದ ಮೊದಲ ಭಾಷಣದಲ್ಲಿ ದರ ಸ್ಥಿರವಾಗಿರುವ ಉದಾಹರಣೆಯನ್ನೇ ಬಳಸಿ, ಷೇರಿನ ಮೇಲೆ ಅದೇ ಕೋಷ್ಟಕವನ್ನು ಹೊದಿಸಬಾರದೆಂದು ಸ್ಪಷ್ಟವಾಗಿ ಹೇಳಿ.

ವಾಣಿಜ್ಯ ಗಣಿತದ ಅಧ್ಯಾಪಕಿ, ಧಾರವಾಡ

ಹಾವೇರಿಯ ಅಕ್ಕ ಹೇಳಿದ ಲೆಕ್ಕವನ್ನು ಓದಿದ ಮೇಲೆ ಬೆಂಗಳೂರಿನ ಯುವಕನ ಮಾತನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲವೆನ್ನಿಸಿತು. 50,000 ರೂಪಾಯಿ, ವರ್ಷಕ್ಕೆ 24%, ಆರು ವರ್ಷ. ನೋಟನ್ನು ಎಂದೂ ಹೊಸದಾಗಿ ಬರೆಯದಿದ್ದರೆ ಕೊಡಬೇಕಾದದ್ದು 1,22,000. ಮೂರು ವರ್ಷಕ್ಕೊಮ್ಮೆ ಬರೆದರೆ ಅವರು ಹೇಳಿದ 1,47,920. ವರ್ಷಕ್ಕೊಮ್ಮೆ ಬರೆದಿದ್ದರೆ 1,81,761 ಆಗುತ್ತಿತ್ತು. ಎಂಟು ಪ್ರತಿಶತದಲ್ಲಿ ಎಷ್ಟು ಸಲ ಸೇರಿಸುತ್ತಾರೆ ಎಂಬುದು ಸಣ್ಣ ಸಂಗತಿ, ಇಪ್ಪತ್ತನಾಲ್ಕರಲ್ಲಿ, ಅದೂ ಸೇರಿಸುವ ಅಂತರ ವರ್ಷಗಳಷ್ಟಿದ್ದಾಗ, ಅದು ಸಣ್ಣದಲ್ಲ. ಕ್ರೆಡಿಟ್ ಕಾರ್ಡಿನ ವಿಷಯವೂ ಹೀಗೆಯೇ: ತಿಂಗಳಿಗೆ 3.5% ಎಂದರೆ ವರ್ಷಕ್ಕೆ 42% ಎಂದುಕೊಳ್ಳುತ್ತೇವೆ, ತಿಂಗಳು ತಿಂಗಳು ಬಡ್ಡಿ ಬಾಕಿಗೆ ಸೇರುತ್ತ ಹೋದರೆ ಅದು 51% ದಾಟುತ್ತದೆ.

ಆದರೂ ಸಾಲದಿಂದ ಭಾಷಣ ಆರಂಭಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಎರಡು ಅಂಕಣಗಳು ಕಣ್ಣಿಗೆ ಕಟ್ಟಿದ ಮೇಲೆ ನೋಟಿನ ಕಥೆ ಹೇಳಿದರೆ, 36,000 ರೂಪಾಯಿ ಬಡ್ಡಿಯೇ ಅಸಲಿಗೆ ಸೇರಿ ಬಲ ಅಂಕಣ ತುಂಬತೊಡಗಿದ್ದು ಯಾವ ಸಹಿಯಿಂದ ಎಂಬುದನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಮೊದಲೇ ಹೇಳಿದರೆ ಅದು ಸಾಲಗಾರನ ಕಷ್ಟದ ಕಥೆಯಾಗಿ ಮಾತ್ರ ಉಳಿಯುತ್ತದೆ.

ಗೃಹಿಣಿ, ಹಾವೇರಿ ಜಿಲ್ಲೆ

ನೀವು ಕಲಿಸುವವರು, ನಿಮಗೆ ಗೊತ್ತಿರುತ್ತದೆ. ಆದರೆ ಹಿಂದಿನ ಬೆಂಚಿನ ಹುಡುಗ ಹತ್ತು ಸಾವಿರವನ್ನು ಹತ್ತು ವರ್ಷ ಮುಟ್ಟದೆ ಇಡುವ ಮಾತನ್ನು ಕೇಳಿದಾಗಲೇ ಇದು ತನಗಲ್ಲ ಎಂದುಕೊಳ್ಳುತ್ತಾನೆ. ನೋಟು ಅವನ ಮನೆಯಲ್ಲೂ ಇರುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಕ್ರಮದ ವಿಚಾರದಲ್ಲಿ ನಾನು ಯಾರ ಪಕ್ಷವನ್ನೂ ವಹಿಸಲಾರೆ, ಸಭೆಯನ್ನು ನೋಡಿ ನೀವೇ ನಿರ್ಧರಿಸಿ. ನನ್ನದು ಇನ್ನೊಂದೇ ತಕರಾರು. ಮೂವತ್ತನೆಯ ವರ್ಷದ 1,00,627ನ್ನು ಬರೆದ ಮೇಲೆ ಬೆಲೆಯೇರಿಕೆಯನ್ನು ಹೇಳದೆ ಬಿಡಬೇಡಿ. ಬೆಲೆಗಳು ವರ್ಷಕ್ಕೆ 6%ರಂತೆ ಏರಿದವೆಂದು ಇಟ್ಟುಕೊಂಡರೆ, ಅಂದು ಆ ಒಂದು ಲಕ್ಷದಿಂದ ಕೊಳ್ಳಬಹುದಾದದ್ದು ಇಂದಿನ 17,500 ರೂಪಾಯಿಯಷ್ಟು. ಬೆಲೆಯೂ ಚಕ್ರಬಡ್ಡಿಯಂತೆಯೇ ಏರುತ್ತದೆ, ಅದಕ್ಕೂ ಒಂದು ಬಲ ಅಂಕಣವಿದೆ.

ವಾಣಿಜ್ಯ ಗಣಿತದ ಅಧ್ಯಾಪಕಿ, ಧಾರವಾಡ

ಅದು ನಿಜ, ಆದರೆ ಹದಿನೈದು ನಿಮಿಷದಲ್ಲಿ ಅದನ್ನೂ ತುರುಕಿದರೆ ಹತ್ತನೆಯ ವರ್ಷದ 799 ಮರೆತುಹೋಗುತ್ತದೆ. ನಾನಾದರೆ ಅದನ್ನು ಎರಡನೆಯ ಸಭೆಗೆ ಇಡುತ್ತೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಎರಡನೆಯ ಸಭೆಗೆ ಎಲ್ಲರೂ ಬರುವುದಿಲ್ಲ. ಒಂದು ವಾಕ್ಯವಾದರೂ ಇರಲಿ.