ಬೇರೆ ಶಾಖೆಗೆ ವರ್ಗಾವಣೆ ಆದೇಶ: ಕಾರಣ ಹೇಗೆ ಬರೆಯಬೇಕು, ಸಹಾಯ ಎಷ್ಟು ಬರೆಯಬೇಕು?

ಪ್ರಶ್ನೆ (ಖಾಸಗಿ ಸಂಸ್ಥೆಯೊಂದರ ಕಚೇರಿ ವ್ಯವಸ್ಥಾಪಕಿ, ವಿಜಯಪುರ):
ನಮ್ಮದು ಹನಿ ನೀರಾವರಿ ಪೈಪು, ಪಂಪು ಮಾರುವ ಸಂಸ್ಥೆ. ಕಳೆದ ವರ್ಷ ಬೆಳಗಾವಿಯಲ್ಲಿ ಶಾಖೆ ತೆರೆದೆವು. 2016ರಿಂದ ಇಲ್ಲಿರುವ ಸ್ಟೋರ್ ಮೇಲ್ವಿಚಾರಕರನ್ನು ಅಲ್ಲಿಗೆ ಕಳಿಸಬೇಕು. ಮಾಲೀಕರು ಕೊಟ್ಟ ಕರಡು ಹೀಗಿದೆ: "ಆಡಳಿತಾತ್ಮಕ ಕಾರಣಗಳಿಂದ ಹಾಗೂ ಸಹೋದ್ಯೋಗಿಗಳೊಂದಿಗೆ ಹೊಂದಾಣಿಕೆ ಇಲ್ಲದಿರುವುದರಿಂದ ತಮ್ಮನ್ನು ಬೆಳಗಾವಿ ಶಾಖೆಗೆ ವರ್ಗಾಯಿಸಲಾಗಿದೆ. ಮೂರು ದಿನಗಳೊಳಗೆ ಹಾಜರಾಗತಕ್ಕದ್ದು. ಅಗತ್ಯ ಸಹಾಯ ನೀಡಲಾಗುವುದು." ಅವರ ಮಗಳು ಈ ವರ್ಷ ಹತ್ತನೇ ತರಗತಿ. ಇದನ್ನು ಹೀಗೆಯೇ ಕೊಡಬಹುದೇ?

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರ, ಬೆಳಗಾವಿ):
ಕೊಡಬೇಡಿ ಅಕ್ಕಾವರೇ. ಮೂರು ವಾಕ್ಯಗಳಲ್ಲಿ ಮೂರು ತೊಡಕುಗಳಿವೆ.

ಮೊದಲು "ಹೊಂದಾಣಿಕೆ ಇಲ್ಲ" ಎಂಬ ಮಾತನ್ನು ತೆಗೆಯಿರಿ. ಅದು ಆರೋಪ. ಆರೋಪವಿದ್ದರೆ ನೋಟಿಸ್ ಕೊಟ್ಟು, ಅವರ ಉತ್ತರ ಪಡೆದು, ವಿಚಾರಣೆ ಮಾಡುವುದು ಬೇರೆಯೇ ದಾರಿ. ಅದನ್ನು ಬಿಟ್ಟು ವರ್ಗಾವಣೆ ಪತ್ರದಲ್ಲಿ ಆರೋಪ ತುರುಕಿದರೆ, ವರ್ಗಾವಣೆಯೇ ಶಿಕ್ಷೆ ಎಂದು ನಿಮ್ಮ ಕೈಯಿಂದಲೇ ಬರೆದುಕೊಟ್ಟ ಹಾಗೆ. ನಿರ್ವಹಣಾ ನೀತಿಯ ಹೆಸರಿನಲ್ಲಿ ದುರುದ್ದೇಶದಿಂದ ಕಾರ್ಮಿಕನನ್ನು ಬೇರೆ ಊರಿಗೆ ಕಳಿಸುವುದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿ ಎಂದೇ ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದು ಉಳಿದಿದೆ.

ಎರಡನೆಯದು ಅವರ ನೇಮಕ ಪತ್ರ. ಅವರು ಸೇರಿದ್ದು 2016ರಲ್ಲಿ, ಶಾಖೆ ತೆರೆದದ್ದು ಕಳೆದ ವರ್ಷ. ಈ ಅಂತರ ಸಣ್ಣದಲ್ಲ. ಕುಂದನ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಮಾಲೀಕರು ತಾವು ಆಮೇಲೆ ಬೇರೆ ಊರಿನಲ್ಲಿ ಶುರು ಮಾಡಿದ ಕಾರ್ಖಾನೆಗೆ ಹಳೆಯ ನೌಕರರನ್ನು ಕಳಿಸಲು ಹೊರಟಿದ್ದರು, ಹೋಗದವರನ್ನು ಕೆಲಸದಿಂದ ತೆಗೆದರು. ಕರಾರಿನಲ್ಲಿ ಇಲ್ಲದಿದ್ದರೆ ಅಂಥ ಹಕ್ಕು ಮಾಲೀಕರಿಗೆ ತಾನಾಗಿ ಬರುವುದಿಲ್ಲ ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ನೇಮಕ ಪತ್ರ ತೆಗೆದು ನೋಡಿ. "ಈಗಿರುವ ಅಥವಾ ಮುಂದೆ ತೆರೆಯುವ ಯಾವುದೇ ಶಾಖೆಗೆ" ಎಂಬ ಷರತ್ತು ಇದ್ದರೆ ನಿರಾಳ. ಬರೀ "ವಿಜಯಪುರ" ಎಂದಿದ್ದರೆ ಆದೇಶಕ್ಕಿಂತ ಮೊದಲು ಒಪ್ಪಿಗೆ ಬೇಕು.

ಮೂರನೆಯದು "ಅಗತ್ಯ ಸಹಾಯ". ಯಾರಿಗೆ ಅಗತ್ಯ, ಎಷ್ಟು ಅಗತ್ಯ? ಟೆಂಪೊ ಬಾಡಿಗೆಯ ಬಿಲ್ಲು ಬಂದ ದಿನ ಹಗ್ಗಜಗ್ಗಾಟ ಶುರುವಾಗುವುದು ಇಲ್ಲಿಂದಲೇ. ಯಾವ ಖರ್ಚು, ಎಷ್ಟರವರೆಗೆ, ಎಷ್ಟು ದಿನದೊಳಗೆ ಕೇಳಬೇಕು ಎಂಬುದನ್ನು ಅಂಕಿಯಲ್ಲಿ ಬರೆಯಿರಿ.

ಪ್ರತಿಕ್ರಿಯೆ (ನಿವೃತ್ತ ಲೆಕ್ಕಾಧಿಕಾರಿ, ಬಾಗಲಕೋಟೆ):
ಸಲಹೆಗಾರರ ಮಾತು ಸರಿ, ಆದರೆ ಕಾರಣವನ್ನೇ ಬರೆಯಬೇಡಿ ಎಂಬುದು ನನ್ನ ಅಭಿಪ್ರಾಯ. "ಆಡಳಿತಾತ್ಮಕ ಕಾರಣ" ಎಂಬ ಎರಡು ಪದ ಸಾಕು. ಕಾರಣ ಬರೆದಷ್ಟೂ ಸಿಕ್ಕಿಕೊಳ್ಳುತ್ತೀರಿ. ವರ್ಗಾವಣೆ ಮಾಲೀಕರ ಹಕ್ಕು, ನೌಕರ ಪ್ರಶ್ನಿಸುವಂತಿಲ್ಲ.

ಸಲಹೆಗಾರ:
ಅಣ್ಣಾವರೇ, ಅರ್ಧ ಒಪ್ಪುತ್ತೇನೆ. ಸುಳ್ಳು ಕಾರಣ ಬರೆಯುವುದಕ್ಕಿಂತ ಏನೂ ಬರೆಯದಿರುವುದು ಮೇಲು. ಆದರೆ ಇಲ್ಲಿ ನಿಜವಾದ ಕಾರಣವೇ ಇದೆಯಲ್ಲ? ಬೆಳಗಾವಿ ಶಾಖೆಗೆ ಸ್ಟೋರ್ ಗೊತ್ತಿರುವ ಮನುಷ್ಯ ಬೇಕು. ಅದನ್ನು ಬರೆದರೆ ಮುಂದೆ ಯಾರಾದರೂ "ದ್ವೇಷದಿಂದ ಕಳಿಸಿದರು" ಎಂದಾಗ ಪತ್ರವೇ ಉತ್ತರ ಹೇಳುತ್ತದೆ. ಇನ್ನು ಪ್ರಶ್ನಿಸುವಂತಿಲ್ಲ ಎಂಬುದು ಷರತ್ತು ಇದ್ದಾಗಲೂ ಪೂರ್ತಿ ನಿಜವಲ್ಲ. ಷರತ್ತು ಇದ್ದರೆ ಕೋರ್ಟು ಸಾಮಾನ್ಯವಾಗಿ ಕೈ ಹಾಕುವುದಿಲ್ಲ, ದುರುದ್ದೇಶ ಕಂಡರೆ ಹಾಕುತ್ತದೆ.

ಪ್ರತಿಕ್ರಿಯೆ (ಶಿಕ್ಷಕ, ಮುಧೋಳ):
ಮೇಡಂ, ಮಗಳ ಹತ್ತನೇ ತರಗತಿಯ ಕಾರಣ ಕೊಟ್ಟು ಕೌನ್ಸೆಲಿಂಗ್‌ನಲ್ಲಿ ವಿನಾಯಿತಿ ಕೇಳಬಹುದಲ್ಲ? ಸ್ವಂತ ಕೋರಿಕೆಯ ಮೇರೆಗೆ ಹೋದರೆ ಮಾತ್ರ ಪ್ರಯಾಣ ಭತ್ಯೆ ಸಿಗುವುದಿಲ್ಲ, ನೋಡಿಕೊಳ್ಳಿ.

ಸಲಹೆಗಾರ:
ಗುರುಗಳೇ, ಅದು ಸರ್ಕಾರಿ ಸೇವೆಯ ನಿಯಮ, ಇವರದು ಖಾಸಗಿ ಸಂಸ್ಥೆ. ಆದರೂ ಒಂದು ಎಳೆ ಇವರಿಗೂ ಬೇಕು. ನೌಕರರಿಂದ ಒಪ್ಪಿಗೆ ಪಡೆಯುವಾಗ "ನನ್ನ ಕೋರಿಕೆಯ ಮೇರೆಗೆ" ಎಂದು ಬರೆಸಿಕೊಳ್ಳುವ ಕೆಟ್ಟ ಚಾಳಿ ಕೆಲವು ಕಚೇರಿಗಳಲ್ಲಿದೆ. ಕೋರಿಕೆ ಅವರದಲ್ಲ, ಸಂಸ್ಥೆಯದು. ಅದನ್ನು ತಿರುಚಿ ಭತ್ಯೆ ಉಳಿಸಿಕೊಳ್ಳಲು ಹೋಗಬೇಡಿ.

ಪ್ರತಿಕ್ರಿಯೆ (ಮಾರಾಟ ಪ್ರತಿನಿಧಿ, ಜಮಖಂಡಿ):
ನನ್ನ ಕಥೆ ಕೇಳಿ. ಹಿಂದಿನ ಕಂಪನಿ ನನ್ನನ್ನು ಕಲಬುರಗಿಗೆ ಕಳಿಸಿದಾಗ "ಸಾಮಾನು ಸಾಗಣೆ ವೆಚ್ಚ ಬಿಲ್ಲಿನ ಪ್ರಕಾರ" ಎಂದು ಪತ್ರದಲ್ಲಿತ್ತು. ಟೆಂಪೊದ ಬಿಲ್ಲು ಸಿಕ್ಕಿತು. ಎರಡೂ ಊರುಗಳಲ್ಲಿ ಹಮಾಲರಿಗೆ ಕೊಟ್ಟ ಹಣಕ್ಕೆ ಬಿಲ್ಲು ಎಲ್ಲಿಂದ ತರಲಿ? ಕಪಾಟು ಮೂರನೇ ಮಹಡಿಗೆ ಹತ್ತಿಸಿದವರು ರಸೀದಿ ಪುಸ್ತಕ ಇಟ್ಟುಕೊಂಡು ತಿರುಗುತ್ತಾರೆಯೇ? ಆ ದುಡ್ಡು ಕೊನೆಗೂ ಬರಲಿಲ್ಲ.

ಸಲಹೆಗಾರ:
ಇದು ಒಳ್ಳೆಯ ಮಾತು. ಹಮಾಲಿಗೆ ನೌಕರರೇ ಸಹಿ ಮಾಡಿದ ಚೀಟಿ ಸಾಕು ಎಂದು ಪತ್ರದಲ್ಲೇ ಬರೆದುಬಿಡಿ, ಒಂದು ಮಿತಿ ಇಟ್ಟು.

ಪ್ರಶ್ನೆ ಕೇಳಿದವರು:
ನೇಮಕ ಪತ್ರ ಸಿಕ್ಕಿತು. "ಕೆಲಸದ ಸ್ಥಳ ವಿಜಯಪುರ" ಎಂದಷ್ಟೇ ಇದೆ, ವರ್ಗಾವಣೆಯ ಮಾತೇ ಇಲ್ಲ. ನೌಕರರೊಂದಿಗೆ ಮಾತನಾಡಿದೆ. "ಬರುವುದಿಲ್ಲ ಎನ್ನುವುದಿಲ್ಲ, ಮಗಳ ಪರೀಕ್ಷೆ ಮುಗಿಯುವವರೆಗೆ ಮನೆ ಎತ್ತಲಾರೆ" ಎಂದರು. ಮಾಲೀಕರಿಗೆ ಫೆಬ್ರುವರಿಯಲ್ಲೇ ಅವರು ಬೆಳಗಾವಿಯಲ್ಲಿ ಬೇಕು, ಕಬ್ಬಿನ ಹನಿ ನೀರಾವರಿ ಆರ್ಡರ್‌ಗಳು ಅಲ್ಲಿ ಹೆಚ್ಚಾಗಿವೆ. ಸಂಬಳ 26,000.

ಸಲಹೆಗಾರ:
ಹಾಗಾದರೆ ನೌಕರ ಮೊದಲು, ಸಂಸಾರ ಆಮೇಲೆ. ಆದೇಶ ಒಂದೇ, ದಿನಾಂಕ ಎರಡು. ವಿಜಯಪುರದಿಂದ ಬೆಳಗಾವಿ ಸುಮಾರು 200 ಕಿಲೋಮೀಟರ್, ದಿನಾ ಓಡಾಡುವ ದೂರವಲ್ಲ. ಸುಮಾರು ಮೂರು ತಿಂಗಳು ಅವರಿಗೆ ಎರಡು ಕಡೆ ಒಲೆ ಹೊತ್ತಬೇಕು. ಆ ಖರ್ಚು ಸಂಸ್ಥೆಯ ಅವಸರದಿಂದ ಹುಟ್ಟಿದ್ದು, ಸಂಸ್ಥೆಯೇ ಹೊರಬೇಕು. ಕರಡು ಇಲ್ಲಿದೆ, ಅಂಕಿಗಳನ್ನು ನಿಮ್ಮ ಮಾಲೀಕರೊಂದಿಗೆ ಕೂತು ತಿದ್ದಿಕೊಳ್ಳಿ.

> ವಿಷಯ: ಬೆಳಗಾವಿ ಶಾಖೆಗೆ ವರ್ಗಾವಣೆ
>
> ಮಾನ್ಯರೇ,
>
> ಬೆಳಗಾವಿ ಶಾಖೆಯಲ್ಲಿ ಕಬ್ಬಿನ ಬೆಳೆಯ ಹನಿ ನೀರಾವರಿ ಆರ್ಡರ್‌ಗಳು ಹೆಚ್ಚಿದ್ದು, ಅಲ್ಲಿನ ಸ್ಟೋರ್ ನಿರ್ವಹಣೆಗೆ ಅನುಭವಿ ಸಿಬ್ಬಂದಿಯ ಅಗತ್ಯವಿದೆ. ಈ ಕುರಿತು ತಮ್ಮೊಂದಿಗೆ ಚರ್ಚಿಸಿ, ತಾವು ಲಿಖಿತವಾಗಿ ನೀಡಿದ ಒಪ್ಪಿಗೆಯ ಮೇರೆಗೆ ತಮ್ಮನ್ನು ಫೆಬ್ರುವರಿ 2ರಿಂದ ಬೆಳಗಾವಿ ಶಾಖೆಗೆ ವರ್ಗಾಯಿಸಲಾಗಿದೆ. ಜನವರಿ 30ರೊಳಗೆ ಸ್ಟಾಕ್ ಲೆಕ್ಕ ತಾಳೆ ನೋಡಿ ಚಾರ್ಜ್ ವಹಿಸಿಕೊಡಬೇಕು.
>
> ತಮ್ಮ ಹುದ್ದೆ, ಮೂಲ ವೇತನ, ಸೇವಾ ಹಿರಿತನ ಮತ್ತು ಭವಿಷ್ಯ ನಿಧಿ ಖಾತೆಯಲ್ಲಿ ಯಾವ ಬದಲಾವಣೆಯೂ ಇಲ್ಲ.
>
> ಕುಟುಂಬವು ಏಪ್ರಿಲ್ ಕೊನೆಯವರೆಗೆ ವಿಜಯಪುರದಲ್ಲಿಯೇ ಇರಬಹುದು. ಆವರೆಗೆ ಬೆಳಗಾವಿಯಲ್ಲಿ ಮೊದಲ 15 ದಿನ ವಸತಿಗೃಹದ ವೆಚ್ಚವನ್ನು, ನಂತರ ಕೊಠಡಿ ಬಾಡಿಗೆಯನ್ನು ತಿಂಗಳಿಗೆ 5,000 ರೂಪಾಯಿವರೆಗೆ ಸಂಸ್ಥೆ ಭರಿಸುತ್ತದೆ. ವಾರಕ್ಕೊಮ್ಮೆ ಊರಿಗೆ ಹೋಗಿಬರುವ ಬಸ್ ದರವನ್ನು ಟಿಕೆಟ್ ನೋಡಿ ಕೊಡಲಾಗುವುದು.
>
> ಮನೆ ಸಾಮಾನು ಸಾಗಣೆಗೆ ಬಿಲ್ಲಿನ ಪ್ರಕಾರ 18,000 ರೂಪಾಯಿವರೆಗೆ, ಹಮಾಲಿಗೆ ತಮ್ಮ ಸಹಿಯ ಚೀಟಿಯ ಮೇಲೆ 3,000 ರೂಪಾಯಿವರೆಗೆ ಕೊಡಲಾಗುವುದು. ಬಿಲ್ಲುಗಳನ್ನು ಸಾಗಣೆಯಾದ 30 ದಿನಗಳೊಳಗೆ ಸಲ್ಲಿಸಬೇಕು. ಮನೆ ಮುಂಗಡಕ್ಕೆ 40,000 ರೂಪಾಯಿ ಬಡ್ಡಿರಹಿತ ಸಾಲ ನೀಡಿ, ಜೂನ್‌ನಿಂದ 10 ಕಂತುಗಳಲ್ಲಿ ಕಡಿತ ಮಾಡಲಾಗುವುದು.
>
> ತಮ್ಮ ಅಹವಾಲು ಇದ್ದರೆ ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸಬಹುದು.

"ಲಿಖಿತ ಒಪ್ಪಿಗೆ" ಎಂಬ ಮಾತು ಪತ್ರದಲ್ಲಿದ್ದರೆ ಸಾಲದು, ಒಪ್ಪಿಗೆಯ ಹಾಳೆ ಕಡತದಲ್ಲಿ ಈ ಆದೇಶಕ್ಕಿಂತ ಹಿಂದಿನ ದಿನಾಂಕದಲ್ಲಿ ಇರಬೇಕು. ಮುಂದೆ ಇನ್ನೊಂದು ಶಾಖೆ ತೆರೆಯುವ ಯೋಚನೆ ಇದ್ದರೆ ಹೊಸ ನೇಮಕ ಪತ್ರಗಳಲ್ಲಿ ಷರತ್ತು ಈಗಲೇ ಸೇರಿಸಿ.

ತೆರಿಗೆಯ ಮಾತು ಒಂದಿದೆ. ಸಾಮಾನು ಸಾಗಣೆಗೆ ಕೊಟ್ಟದ್ದು ನಿಜವಾಗಿ ಖರ್ಚಾದಷ್ಟರ ಮಟ್ಟಿಗೆ ನೌಕರರ ಆದಾಯವಲ್ಲ, ವರ್ಗಾವಣೆಯಾದಾಗಿನ 15 ದಿನದ ವಸತಿಗೃಹವೂ ಹಾಗೆಯೇ. ಅದಕ್ಕಾಗಿಯೇ 15 ಎಂದು ಬರೆದೆ. ಇದೇ ಹಣವನ್ನು "ವರ್ಗಾವಣೆ ಭತ್ಯೆ" ಎಂದು ಇಡುಗಂಟಾಗಿ ಸಂಬಳಕ್ಕೆ ಸೇರಿಸಿ ಕೊಟ್ಟು, ಖರ್ಚಿನ ದಾಖಲೆಯನ್ನೇ ಇಡದಿದ್ದರೆ ಅದು ಸಂಬಳವೇ ಆಗುತ್ತದೆ.

ನಿವೃತ್ತ ಲೆಕ್ಕಾಧಿಕಾರಿ:
ಏಳು ದಿನದ ಅಹವಾಲು ಯಾಕೆ? ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಬಾಗಿಲು ತೆರೆದಿಟ್ಟರೆ ನಾಳೆ ತಕರಾರು ಶುರು. ಅಲ್ಲದೆ ಅವರು ಮೇಲ್ವಿಚಾರಕರು, ಕಾರ್ಮಿಕರೇ ಅಲ್ಲ. ಅನುಚಿತ ಪದ್ಧತಿಯ ಮಾತು ಅವರಿಗೆ ಅನ್ವಯಿಸುವುದಿಲ್ಲ.

ಸಲಹೆಗಾರ:
ಆ ಕೊನೆಯ ಮಾತನ್ನು ಇಲ್ಲಿ ಕೂತು ತೀರ್ಮಾನಿಸಲಾಗದು ಅಣ್ಣಾವರೇ. ಹುದ್ದೆಯ ಹೆಸರಲ್ಲ, ದಿನವಿಡೀ ಮಾಡುವ ಕೆಲಸವನ್ನು ನೋಡುತ್ತಾರೆ. ನಾಲ್ಕು ಜನರಿಗೆ ರಜೆ ಮಂಜೂರು ಮಾಡಿ ಕೆಲಸ ಹಂಚುವವರೋ, ಪೈಪಿನ ಸುರುಳಿ ಎಣಿಸಿ ರಿಜಿಸ್ಟರ್ ಬರೆಯುವವರೋ? ಎರಡನೆಯದಾದರೆ ಮೇಲ್ವಿಚಾರಕ ಎಂಬ ಹಲಗೆ ಉಪಯೋಗಕ್ಕೆ ಬರುವುದಿಲ್ಲ. ಅಹವಾಲಿನ ಸಾಲು ನಿಮಗೆ ಬೇಡವೆನಿಸಿದರೆ ತೆಗೆಯಬಹುದು, ನಾನು ಇಡುತ್ತೇನೆ.

ಪ್ರಶ್ನೆ ಕೇಳಿದವರು:
ಕೆಲಸ ನೋಡಿದರೆ ಅರ್ಧ ಅದು, ಅರ್ಧ ಇದು. ಮಾಲೀಕರು ಎಲ್ಲವನ್ನೂ ಒಪ್ಪಿದರು, ವಾರದ ಬಸ್ ದರವೊಂದನ್ನು ಬಿಟ್ಟು. "ಪತ್ರದಲ್ಲಿ ಬೇಡ, ನಾನು ಕೈಯಲ್ಲಿ ಕೊಡುತ್ತೇನೆ" ಎನ್ನುತ್ತಿದ್ದಾರೆ.

ಸಲಹೆಗಾರ:
ಕೈಯಲ್ಲಿ ಕೊಡುವುದು ಮೊದಲ ಎರಡು ವಾರ ನಡೆಯುತ್ತದೆ. ತಿಂಗಳಿಗೆ ಎರಡು ಸಲ ಎಂದಾದರೂ ಪತ್ರಕ್ಕೆ ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ಆ ಸಾಲನ್ನು ತೆಗೆದು, ತೆಗೆದಿದ್ದೇವೆ ಎಂದು ನೌಕರರಿಗೆ ಒಪ್ಪಿಗೆ ಬರೆಯುವ ಮೊದಲೇ ಹೇಳಿ.